‘-ರೆ’ಯಲ್ಲಿ ಪಶ್ಚಾತ್ತಾಪವಿಲ್ಲ

ಪ್ರಶ್ನೆ: ಗೆಳತಿಯ ಕಷ್ಟಕಾಲದಲ್ಲಿ ಹೋಗಿ ನೋಡಲಿಲ್ಲ ಎಂಬ ಕೊರಗು ನನಗಿದೆ. ಈಗ ಅವಳಿಗೊಂದು ಪತ್ರ ಬರೆಯುತ್ತಿದ್ದೇನೆ. ‘ಗೊತ್ತಾಗಿದ್ದರೆ ಬರುತ್ತಿದ್ದೆ’ ಎನ್ನಲೇ, ‘ಬಂದಿದ್ದರೆ ಚೆನ್ನಾಗಿತ್ತು’ ಎನ್ನಲೇ, ‘ಬರಬೇಕಿತ್ತು’ ಎನ್ನಲೇ? ‘-ರೆ’ ಇರುವ ವಾಕ್ಯದಲ್ಲಿಯೇ ಪಶ್ಚಾತ್ತಾಪ ಹೆಚ್ಚು ಕಾಣುತ್ತದೆ ಅನ್ನಿಸುತ್ತಿದೆ, ಸರಿಯೇ?

ಮೊದಲನೆಯದನ್ನು ದಯವಿಟ್ಟು ಬರೆಯಬೇಡಿ. ಹೆಚ್ಚುಕಡಿಮೆ ಅದೇ ವಾಕ್ಯವನ್ನು ಬರೆದು ನಾನು ಒಬ್ಬ ಒಳ್ಳೆಯ ಗೆಳೆಯನನ್ನು ಕಳೆದುಕೊಂಡಿದ್ದೇನೆ.

ಗೆಳೆಯನ ತಂದೆ ನನ್ನನ್ನೂ ಮಗನಂತೆ ಕಂಡವರು. ಅವರು ಹಾಸಿಗೆ ಹಿಡಿದ ಸುದ್ದಿ ಬೇರೊಬ್ಬರ ಬಾಯಿಂದ ನನ್ನ ಕಿವಿಗೂ ಬಿದ್ದಿತ್ತು. ಇಂದು ಹೋಗೋಣ, ನಾಳೆ ಹೋಗೋಣ ಎಂದು ದಿನ ತಳ್ಳುತ್ತಿರುವಾಗಲೇ ಅವರು ತೀರಿಕೊಂಡರು. ಆಮೇಲೆ ಗೆಳೆಯನಿಗೆ ಉದ್ದನೆಯ ಪತ್ರ ಬರೆದೆ. ಅವರ ಒಳ್ಳೆಯತನದ ಬಗ್ಗೆ ಬರೆದದ್ದೆಲ್ಲ ನಿಜವಾಗಿತ್ತು, ಮನಸ್ಸಿನಿಂದಲೇ ಬಂದಿತ್ತು. ಆದರೆ ನಡುವೆ ಎಲ್ಲೋ ಒಂದು ಕಡೆ ‘ನೀನು ಒಂದು ಮಾತು ತಿಳಿಸಿದ್ದರೆ ನಾನು ಬಂದು ನೋಡುತ್ತಿದ್ದೆ’ ಎಂದೂ ಬರೆದಿದ್ದೆ. ನನ್ನ ಲೆಕ್ಕದಲ್ಲಿ ಅದು ಸಂಕಟದ ಮಾತು, ಬರಲಾಗಲಿಲ್ಲವಲ್ಲ ಎಂಬ ಹಳಹಳಿ. ಅವನಿಂದ ಬಂದ ಉತ್ತರ ಒಂದೇ ಸಾಲಿನದು: ‘ಹೌದು, ನಾನು ತಿಳಿಸಬೇಕಿತ್ತು.’ ಆ ಸಾಲನ್ನು ಓದಿದಾಗ ಅವನು ನನ್ನನ್ನು ಸಮಾಧಾನಪಡಿಸುತ್ತಿದ್ದಾನೆ ಎಂದೇ ಭಾವಿಸಿದ್ದೆ. ಅವನು ನನ್ನ ಪತ್ರದ ಅರ್ಥವನ್ನು ನನಗೇ ಓದಿ ಹೇಳಿದ್ದ ಎಂಬುದು ಹೊಳೆಯಲು ಬಹಳ ಕಾಲ ಹಿಡಿಯಿತು, ಅಷ್ಟರಲ್ಲಿ ಅವನು ಮಾತು ಬಿಟ್ಟಿದ್ದ.

ಎಲ್ಲಿ ಎಡವಿದೆ ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕಾಗಿದೆ, ಏಕೆಂದರೆ ನಿಮ್ಮ ಪ್ರಶ್ನೆಯೂ ಅದೇ ಜಾಗದಲ್ಲಿ ಎಡವುತ್ತಿದೆ. ‘-ರೆ’ಯಲ್ಲಿ ಪಶ್ಚಾತ್ತಾಪ ಇದೆ ಎಂದು ನೀವು ತಿಳಿದಿದ್ದೀರಿ, ನಾನೂ ಹಾಗೆಯೇ ತಿಳಿದಿದ್ದೆ. ವ್ಯಾಕರಣದಲ್ಲಿ ಇದನ್ನು ಪಕ್ಷಾರ್ಥ ಎನ್ನುತ್ತಾರೆ. ಹಳಗನ್ನಡದ ‘ಪೋದೊಡೆ’ ಇಂದಿನ ‘ಹೋದರೆ’ ಆಗಿದೆ, ಕಚೇರಿಯ ಕಾಗದದಲ್ಲಿ ಅದೇ ‘ಹೋದ ಪಕ್ಷದಲ್ಲಿ’ ಎಂದು ಠೀವಿಯಿಂದ ಕೂರುತ್ತದೆ. ಇವುಗಳ ಕೆಲಸ ಒಂದು ಷರತ್ತನ್ನು ಮುಂದಿಡುವುದು, ಅಷ್ಟೇ. ಷರತ್ತು ನೆರವೇರಿತೋ, ಇನ್ನೂ ನೆರವೇರಬಹುದೋ, ಕೈತಪ್ಪಿಯೇ ಹೋಯಿತೋ ಎಂಬುದನ್ನು ಹೇಳುವ ಹೊಣೆ ‘-ರೆ’ಯದಲ್ಲ.

‘ಅವರು ಮನೆಗೆ ಹೋಗಿದ್ದರೆ ಈಗ ಊಟ ಮಾಡುತ್ತಿರುತ್ತಾರೆ’ ಎಂಬ ವಾಕ್ಯವನ್ನು ನೋಡಿ. ಇಲ್ಲಿ ‘ಹೋಗಿದ್ದರೆ’ ಇದೆ, ಆದರೆ ಕೊರಗಿನ ಸುಳಿವೂ ಇಲ್ಲ. ಅವರು ಹೋಗಿದ್ದಾರೋ ಇಲ್ಲವೋ ನಮಗೆ ತಿಳಿಯದು, ಊಹಿಸುತ್ತಿದ್ದೇವೆ. ಅದೇ ಮೊದಲರ್ಧವನ್ನು ಇಟ್ಟುಕೊಂಡು ‘ಅವರು ಮನೆಗೆ ಹೋಗಿದ್ದರೆ ಊಟ ಸಿಗುತ್ತಿತ್ತು’ ಎನ್ನಿ. ಅವರು ಹೋಗಲಿಲ್ಲ, ಊಟವೂ ಸಿಗಲಿಲ್ಲ ಎಂಬುದು ಥಟ್ಟನೆ ಗೊತ್ತಾಗುತ್ತದೆ. ‘ಹೋಗಿದ್ದರೆ’ ಎಂಬುದು ಎರಡರಲ್ಲಿಯೂ ಒಂದೇ, ಬದಲಾದದ್ದು ಕೊನೆಯ ಕ್ರಿಯಾಪದ. ಕೈತಪ್ಪಿದ್ದನ್ನು ಹೇಳುವುದು ‘-ಉತ್ತಿತ್ತು’, ‘-ಉತ್ತಿದ್ದೆ’, ‘-ಉತ್ತಿರಲಿಲ್ಲ’ ಎಂಬ ಕೊನೆಗಳು. ಹಾಗೆಂದು ಅವೂ ಒಂಟಿಯಾಗಿ ನಿಲ್ಲುವುದಿಲ್ಲ: ‘ಬಂದು ನೋಡುತ್ತಿದ್ದೆ’ ಎಂದಷ್ಟೇ ಬರೆದರೆ ಆಗಾಗ ಬಂದು ನೋಡುವ ರೂಢಿಯಿತ್ತು ಎಂಬ ಅರ್ಥ ಬರುತ್ತದೆ. ಮೊದಲು ಒಂದು ‘-ರೆ’, ಕೊನೆಯಲ್ಲಿ ಒಂದು ‘-ಉತ್ತಿದ್ದೆ’, ಎರಡೂ ಸೇರಿದಾಗ ಮಾತ್ರ ನಡೆಯದೆ ಉಳಿದ ಸಂಗತಿ ನಡೆಯಬಹುದಾಗಿದ್ದ ಸಂಗತಿಯಾಗಿ ಕಣ್ಣಿಗೆ ಕಟ್ಟುತ್ತದೆ.

ಈಗ ನನ್ನ ವಾಕ್ಯಕ್ಕೆ ಬನ್ನಿ. ‘ನೀನು ತಿಳಿಸಿದ್ದರೆ’ ಎಂಬುದು ಷರತ್ತು, ಅಂದರೆ ಅವನು ತಿಳಿಸಲಿಲ್ಲ. ‘ನಾನು ಬಂದು ನೋಡುತ್ತಿದ್ದೆ’ ಎಂಬುದು ಫಲ, ಅಂದರೆ ನಾನು ಬರಲಿಲ್ಲ. ಒಂದಕ್ಕೆ ಇನ್ನೊಂದು ಕಾರಣವೆಂದು ವಾಕ್ಯದ ರಚನೆಯೇ ಹೇಳುತ್ತದೆ. ಕೈತಪ್ಪಿದ ಸಂಗತಿಯ ಬಗ್ಗೆ ಹೀಗೆ ಬರೆಯುವಾಗ ‘-ರೆ’ಯ ಷರತ್ತಿನಲ್ಲಿ ಯಾರ ಹೆಸರು ನಿಲ್ಲುತ್ತದೋ ಅವರ ತಲೆಯ ಮೇಲೆಯೇ ತಪ್ಪು ಹೋಗಿ ಕೂರುತ್ತದೆ. ನಾನು ದುಃಖ ತೋಡಿಕೊಳ್ಳುತ್ತಿದ್ದೇನೆಂದು ಅಂದುಕೊಂಡು, ತಂದೆಯನ್ನು ಕಳೆದುಕೊಂಡವನ ಮೇಲೆ ಆರೋಪ ಹೊರಿಸಿ, ನನ್ನನ್ನು ಮಾತ್ರ ಒಳ್ಳೆಯವನಾಗಿ ಉಳಿಸಿಕೊಂಡಿದ್ದೆ. ಅದಕ್ಕಿಂತ ಕೆಟ್ಟದ್ದೆಂದರೆ, ಸುದ್ದಿ ನನಗೆ ತಿಳಿದಿತ್ತು ಎಂಬುದು ಅವನಿಗೂ ತಿಳಿದಿತ್ತು. ಷರತ್ತೇ ಸುಳ್ಳಾಗಿದ್ದ ಮೇಲೆ ಫಲದ ಮಾತನ್ನು ಯಾರು ನಂಬುತ್ತಾರೆ?

ನಿಮ್ಮ ‘ಗೊತ್ತಾಗಿದ್ದರೆ ಬರುತ್ತಿದ್ದೆ’ಯಲ್ಲಿ ‘ನೀನು’ ಇಲ್ಲವಲ್ಲ ಎಂದು ನೀವು ಕೇಳಬಹುದು. ಪದ ಇಲ್ಲದಿದ್ದರೂ ಜಾಗ ಇದೆ. ಗೊತ್ತಾಗಬೇಕಾದರೆ ಯಾರಾದರೂ ತಿಳಿಸಬೇಕಿತ್ತು, ಅದು ಅವಳಲ್ಲದೆ ಮತ್ತಾರು? ಕನ್ನಡದ ‘-ರೆ’ ರೂಪಕ್ಕೆ ಪುರುಷ, ವಚನಗಳ ಗುರುತಿರುವುದಿಲ್ಲ. ನಾನು ಹೋಗಿದ್ದರೆ, ನೀನು ಹೋಗಿದ್ದರೆ, ಅವರು ಹೋಗಿದ್ದರೆ, ಎಲ್ಲಕ್ಕೂ ಒಂದೇ ರೂಪ. ಹೆಸರನ್ನು ಬಿಟ್ಟು ಬರೆದಾಗ ಓದುವವರು ಆ ಖಾಲಿ ಜಾಗವನ್ನು ತಾವೇ ತುಂಬಿಕೊಳ್ಳುತ್ತಾರೆ, ನೊಂದವರು ಸಾಮಾನ್ಯವಾಗಿ ತಮ್ಮ ಹೆಸರನ್ನೇ ತುಂಬಿಕೊಳ್ಳುತ್ತಾರೆ. ನಿಮಗೆ ನಿಜವಾಗಿಯೂ ಗೊತ್ತಾಗಿರಲಿಲ್ಲವಾದರೆ ‘ನನಗೆ ಗೊತ್ತಾಗಲಿಲ್ಲ’ ಎಂದು ನೇರವಾಗಿ ಬರೆದು ಪೂರ್ಣವಿರಾಮ ಹಾಕಿ. ಅದನ್ನು ಬರುವುದಕ್ಕೆ ಷರತ್ತಾಗಿ ಮಾಡಬೇಡಿ.

ಎರಡನೆಯ ವಾಕ್ಯ, ‘ಬಂದಿದ್ದರೆ ಚೆನ್ನಾಗಿತ್ತು’, ಯಾರನ್ನೂ ನೋಯಿಸುವುದಿಲ್ಲ, ಆದರೆ ಯಾರ ಹೊಣೆಯನ್ನೂ ಹೊರುವುದಿಲ್ಲ. ಮೋಡ ನೋಡುತ್ತ ‘ಮಳೆ ಬಂದರೆ ಚೆನ್ನಾಗಿತ್ತು’ ಎಂದಾಗ ಮಳೆ ಇನ್ನೂ ಬರಬಹುದು, ಅದು ಹಾರೈಕೆ. ‘ಮಳೆ ಬಂದಿದ್ದರೆ ಚೆನ್ನಾಗಿತ್ತು’ ಎಂದರೆ ಬರಲಿಲ್ಲ, ಕಾಲ ಮೀರಿತು. ‘ಬಂದರೆ’ಯ ಜಾಗದಲ್ಲಿ ‘ಬಂದಿದ್ದರೆ’ ಕೂತೊಡನೆ ಹಾರೈಕೆ ಹಳಹಳಿಯಾಗುತ್ತದೆ. ಇಲ್ಲಿ ‘ಇರು’ ಧಾತುವಿನ ಕೆಲಸ ದೊಡ್ಡದು: ‘ಅಪ್ಪ ಇದ್ದರೆ ಕೇಳುತ್ತೇನೆ’ ಎನ್ನುವವರ ಅಪ್ಪ ಒಳಗಿನ ಕೋಣೆಯಲ್ಲಿರಬಹುದು, ‘ಅಪ್ಪ ಇದ್ದಿದ್ದರೆ ಕೇಳುತ್ತಿದ್ದೆ’ ಎನ್ನುವವರ ಅಪ್ಪ ಇಲ್ಲ. ಅದೇನೇ ಇರಲಿ, ಮಳೆಯ ಬಗ್ಗೆ ಆಡುವ ಮಾತನ್ನೇ ನಮ್ಮ ತಪ್ಪಿನ ಬಗ್ಗೆಯೂ ಆಡಿದರೆ, ಬರದೆ ಇದ್ದದ್ದು ನಮ್ಮ ಕೈಯಲ್ಲಿರದ ಸಂಗತಿಯಂತೆ ಕೇಳಿಸುತ್ತದೆ. ಕ್ಷಮೆ ಕೇಳುವ ಪತ್ರಕ್ಕೆ ಅದು ಸಾಲದು.

ಉಳಿದದ್ದು ‘ಬರಬೇಕಿತ್ತು’. ನನ್ನ ಮತ ಇದಕ್ಕೇ, ಅದರಲ್ಲಿ ‘-ರೆ’ ಇಲ್ಲದಿರುವುದರಿಂದಲೇ ಇದಕ್ಕೆ. ಇದರಲ್ಲಿ ಷರತ್ತಿಲ್ಲ, ಆದ್ದರಿಂದ ತಪ್ಪನ್ನು ಬೇರೆಯವರ ಹೆಗಲಿಗೆ ದಾಟಿಸುವ ದಾರಿಯೂ ಇಲ್ಲ. ಆದರೆ ಇದನ್ನೂ ಕಣ್ಣುಮುಚ್ಚಿ ಬಳಸುವಂತಿಲ್ಲ. ‘ಹೋಗಬೇಕಾಯಿತು’ ಎಂದರೆ ಹೋದದ್ದಾಯಿತು, ಬೇರೆ ದಾರಿ ಇರಲಿಲ್ಲ ಎಂದರ್ಥ. ‘ಹೋಗಬೇಕಿತ್ತು’ ಎಂದರೆ ಸಾಮಾನ್ಯವಾಗಿ ಹೋಗಲಿಲ್ಲ. ಆದರೂ ‘ರೈಲು ಇಷ್ಟೊತ್ತಿಗೆ ಬರಬೇಕಿತ್ತು’ ಎನ್ನುವಾಗ ಅದರಲ್ಲಿ ಪಶ್ಚಾತ್ತಾಪವಿಲ್ಲ, ವೇಳಾಪಟ್ಟಿ ತಪ್ಪಿದ ವರದಿ ಮಾತ್ರ ಇದೆ. ‘ನಿನ್ನೆ ಬರಬೇಕಿತ್ತು, ಆಗಲಿಲ್ಲ’ ಎಂಬುದೂ ಅದೇ ಜಾತಿಯದು. ‘ಆಗಲಿಲ್ಲ’ ಎಂದೊಡನೆ ತಪ್ಪು ನಮ್ಮ ಕೈಬಿಟ್ಟು ಸಂದರ್ಭದ ಪಾಲಾಗುತ್ತದೆ. ಆದ್ದರಿಂದ ‘ಬರಬೇಕಿತ್ತು’ ಆದಮೇಲೆ ‘ಬರಲಿಲ್ಲ’ ಎಂದು ಬರೆಯಿರಿ, ‘ಬರಲಾಗಲಿಲ್ಲ’ ಎಂದು ಬರೆಯಬೇಡಿ. ನಿಜವಾಗಿಯೂ ಬರಲು ಅವಕಾಶವಿದ್ದರೆ ನಡುವೆ ‘ಬರಬಹುದಿತ್ತು’ ಎಂಬುದನ್ನೂ ಸೇರಿಸಿ. ಅದು ಬರೆಯಲು ಕಷ್ಟದ ಪದ, ಏಕೆಂದರೆ ನೆಪಗಳನ್ನೆಲ್ಲ ಅದು ಒಂದೇ ಏಟಿಗೆ ಹೊಡೆದುಹಾಕುತ್ತದೆ.

ಇನ್ನೊಂದು ವಿಷಯ, ಕರ್ತೃವನ್ನು ಬಿಡಬೇಡಿ. ‘ಬಂದೆ’, ‘ಬರುತ್ತಿದ್ದೆ’ ಎನ್ನುವಾಗ ಕ್ರಿಯಾಪದದ ಕೊನೆಯೇ ‘ನಾನು’ ಎಂದು ಹೇಳಿಬಿಡುವುದರಿಂದ ಆ ಪದವನ್ನು ಬಿಟ್ಟು ಬರೆಯುವುದು ನಮಗೆ ರೂಢಿ. ‘ಬೇಕಿತ್ತು’, ‘ಬಹುದಿತ್ತು’, ‘ಬಾರದಿತ್ತು’ಗಳಲ್ಲಿ ಆ ಗುರುತಿಲ್ಲ. ಪತ್ರದಲ್ಲಿ ಬರಿದೇ ‘ಮಾತನಾಡಬೇಕಿತ್ತು’ ಎಂದಿದ್ದರೆ ಅವಳು ‘ನಾನೇ ಮಾತನಾಡಬೇಕಿತ್ತು ಎನ್ನುತ್ತಿದ್ದಾಳೆ’ ಎಂದು ಓದಿಕೊಂಡರೆ ಅಚ್ಚರಿಯಿಲ್ಲ. ‘ನಾನು’ ಎಂದು ಬರೆಯಿರಿ, ಪ್ರತಿಸಲವೂ ಬರೆಯಿರಿ, ಶೈಲಿ ಕೆಟ್ಟರೆ ಕೆಡಲಿ.

‘-ಬಾರದಿತ್ತು’ವಿನ ಹತ್ತಿರವಂತೂ ಎಚ್ಚರವಿರಲಿ. ‘ನೀನು ಹೇಳಬಾರದಿತ್ತು’ ಎಂದರೆ ಹೇಳಿದ್ದು ತಪ್ಪು. ಕೊನೆಗೆ ಒಂದು ಸ್ವರ ಸೇರಿ ‘ನೀನು ಹೇಳಬಾರದಿತ್ತೆ?’ ಎಂದಾದರೆ ಹೇಳದೆ ಇದ್ದದ್ದು ತಪ್ಪು. ಅಕ್ಕರೆಯ ಮಾತಿನಲ್ಲಿ ಇದು ಎಷ್ಟು ಸಲೀಸಾಗಿ ಬರುತ್ತದೆಂದರೆ ‘ಒಂದು ಮಾತು ಹೇಳಬಾರದಿತ್ತೆ?’ ಎಂದು ಬರೆದದ್ದು ಬರೆದವರ ಗಮನಕ್ಕೇ ಬರುವುದಿಲ್ಲ. ಎದುರಿಗೆ ಕೂತು ಕೈಹಿಡಿದು ಕೇಳಿದಾಗ ಅದು ಪ್ರೀತಿ. ಕಾಗದದಲ್ಲಿ ಧ್ವನಿ ಇರುವುದಿಲ್ಲ, ದೂರು ಮಾತ್ರ ಉಳಿಯುತ್ತದೆ, ಅದೂ ನಾನು ಬರೆದ ವಾಕ್ಯದ ದೂರೇ.

ನಾನು ಎರಡನೆಯ ಪತ್ರವನ್ನೂ ಬರೆದೆ: ‘ಸುದ್ದಿ ನನಗೆ ತಿಳಿದಿತ್ತು. ನಾನು ಬರಬೇಕಿತ್ತು, ಬರಬಹುದಿತ್ತು, ಬರಲಿಲ್ಲ.’ ಅದಕ್ಕೆ ಉತ್ತರ ಬಂದಿಲ್ಲ. ಬರೆದದ್ದು ಮಾತ್ರ ಸರಿಯಾಗಿದೆ ಎಂದೇ ಈಗಲೂ ನನ್ನ ಅಭಿಪ್ರಾಯ.

ನಿಮ್ಮ ಪತ್ರದಲ್ಲಿ ‘-ರೆ’ ಇರಲೇಬೇಕೆಂಬ ಆಸೆಯಿದ್ದರೆ ಒಂದು ದಾರಿಯಿದೆ. ಷರತ್ತಿನಲ್ಲಿ ನಿಮ್ಮನ್ನು ನಿಲ್ಲಿಸಿ, ಫಲದಲ್ಲಿ ಅವಳನ್ನು ನಿಲ್ಲಿಸಿ: ‘ನಾನು ಬಂದಿದ್ದರೆ ನೀನು ಅಷ್ಟೆಲ್ಲವನ್ನೂ ಒಬ್ಬಳೇ ಹೊರಬೇಕಾಗುತ್ತಿರಲಿಲ್ಲ.’ ಇದರಲ್ಲಿ ತಪ್ಪು ನಿಮ್ಮದು, ನೋವು ಅವಳದು ಎಂಬುದು ಸ್ಪಷ್ಟವಾಗಿದೆ. ಆದರೆ ಅವಳು ನಿಜವಾಗಿಯೂ ಒಬ್ಬಳೇ ಇದ್ದಳೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಿ. ಜೊತೆಗೆ ಅಕ್ಕನೋ ತಂಗಿಯೋ ಇದ್ದಿದ್ದರೆ ಈ ವಾಕ್ಯ ಅವರ ಸೇವೆಯನ್ನು ಅಳಿಸಿಹಾಕುತ್ತದೆ, ಆಗ ‘ನಾನು ಬರಬೇಕಿತ್ತು, ಬರಲಿಲ್ಲ’ ಎಂಬಲ್ಲಿಗೇ ನಿಲ್ಲಿಸುವುದು ಮೇಲು.