ರೇಡಿಯೊ ಸುದ್ದಿ: ಕಣ್ಣಿಗೆ ಬರೆದದ್ದನ್ನು ಕಿವಿಗೆ ತಿರುಗಿಸುವುದು

ಪ್ರಶ್ನೆ: ಕೋಲಾರದಲ್ಲಿ ಪೇಪರ್‌ಗೆ ವರದಿ ಬರೆದು ಅಭ್ಯಾಸ. ಈಗ ರೇಡಿಯೊಗೂ ಬರೀತಿದೀನಿ. ವಾಕ್ಯ ಚಿಕ್ಕದು ಮಾಡಿದ್ರೂ ‘ಇದು ಪೇಪರ್ ಭಾಷೆ’ ಅಂತ ವಾಪಸ್ ಬರುತ್ತೆ. ಎಲ್ಲಿ ತಪ್ತಿದೀನಿ? ಯಾರು ಹೇಳಿದ್ದು ಅನ್ನೋದನ್ನ ಎಲ್ಲಿ ಹಾಕ್ಬೇಕು?

ಉತ್ತರ:

ಒಂದು ಪತ್ರಿಕಾ ಪ್ರಕಟಣೆ ಇಟ್ಟುಕೊಂಡೇ ನೋಡೋಣ. ಇದು ಅಭ್ಯಾಸಕ್ಕೆಂದು ನಾನು ಕಟ್ಟಿದ್ದು. ಅಂಕಿಗಳೂ ಕಲ್ಪಿತ. ಧಾಟಿ ಮಾತ್ರ ನಿಮಗೆ ದಿನವೂ ಕೈಗೆ ಬರುವಂಥದ್ದೇ.

“ಮುಳಬಾಗಿಲು ತಾಲ್ಲೂಕಿನ ವಿವಿಧ ಗ್ರಾಮಗಳಲ್ಲಿ ಭಾನುವಾರ ಸಂಜೆ ಸುರಿದ ಆಲಿಕಲ್ಲು ಸಹಿತ ಮಳೆಯಿಂದಾಗಿ 212.4 ಹೆಕ್ಟೇರ್ ಪ್ರದೇಶದಲ್ಲಿ ಬೆಳೆದಿದ್ದ ಟೊಮೆಟೊ ಹಾಗೂ 38 ಹೆಕ್ಟೇರ್ ಪ್ರದೇಶದ ಮಾವು ಹಾನಿಗೀಡಾಗಿದ್ದು, ಒಟ್ಟು ರೂ. 3,17,45,000 ನಷ್ಟ ಸಂಭವಿಸಿರುವುದು ಪ್ರಾಥಮಿಕ ಸಮೀಕ್ಷೆಯಿಂದ ತಿಳಿದುಬಂದಿದ್ದು, ಸದರಿ ನಷ್ಟಕ್ಕೆ ಪರಿಹಾರ ಕೋರಿ ರೈತರು ಪಹಣಿ ಹಾಗೂ ಆಧಾರ್ ಪ್ರತಿಯೊಂದಿಗೆ ಇದೇ 20ರೊಳಗಾಗಿ ರೈತ ಸಂಪರ್ಕ ಕೇಂದ್ರಗಳಲ್ಲಿ ಅರ್ಜಿ ಸಲ್ಲಿಸಬೇಕೆಂದು ತೋಟಗಾರಿಕೆ ಇಲಾಖೆಯ ಉಪನಿರ್ದೇಶಕರು ತಿಳಿಸಿದ್ದಾರೆ.”

ಇದನ್ನು ಒಮ್ಮೆ ಗಟ್ಟಿಯಾಗಿ ಓದಿ. ‘ತಿಳಿದುಬಂದಿದ್ದು’ ತಲುಪುವ ಹೊತ್ತಿಗೆ ಉಸಿರು ಮುಗಿದಿರುತ್ತದೆ. ಕೇಳುವವರ ಪಾಡು ಇನ್ನೂ ಕಷ್ಟ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಎಂದು’ ಹಾಕಿ ಹೇಳಿದರೆ, ಹೇಳಿದವರು ಯಾರು ಎಂಬುದೂ ಕೊನೆಗೇ ಹೋಗಿ ಕೂರುತ್ತದೆ. ಹೀಗಾಗಿ ಕೇಳುಗರು ಎರಡೆರಡು ಗಂಟು ಹಿಡಿದುಕೊಂಡು ಕಾಯಬೇಕು: ಏನಾಯಿತು, ಮತ್ತು ಇದನ್ನು ಯಾರು ಹೇಳುತ್ತಿದ್ದಾರೆ. ಪತ್ರಿಕೆಯಲ್ಲಾದರೆ ಕಣ್ಣು ಒಮ್ಮೆ ಕೆಳಗೆ ಜಾರಿ ನೋಡಿಕೊಂಡು ಬರುತ್ತದೆ. ಕಿವಿಗೆ ಆ ಸೌಕರ್ಯವಿಲ್ಲ.

ಮೊದಲ ಕೆಲಸ ಸುಲಭ. ‘-ದ್ದು’ ಎಂದು ಮುಗಿದು ಅಲ್ಪವಿರಾಮ ಬಿದ್ದ ಕಡೆಯಲ್ಲೆಲ್ಲ ಪೂರ್ಣವಿರಾಮ ಹಾಕಿ. ‘ಹಾನಿಗೀಡಾಗಿದ್ದು,’ ಎಂಬಲ್ಲಿ ‘ಹಾಳಾಗಿದೆ.’ ಅಷ್ಟಕ್ಕೇ ಮೇಲಿನ ವಾಕ್ಯ ಮೂರು ತುಂಡಾಗುತ್ತದೆ. ಆಮೇಲೆ ನಾಮಪದಕ್ಕೆ ಮುಂಚೆ ಬರುವ ವಿಶೇಷಣಗಳ ಸರಪಳಿ ಹುಡುಕಿ: ‘ಭಾನುವಾರ ಸಂಜೆ ಸುರಿದ’, ‘ಪ್ರದೇಶದಲ್ಲಿ ಬೆಳೆದಿದ್ದ’. ಒಂದು ನಾಮಪದದ ಹಿಂದೆ ಇಂಥದ್ದು ಒಂದಿದ್ದರೆ ಸರಿ, ಎರಡಿದ್ದರೆ ಒಂದನ್ನು ಬೇರೆ ವಾಕ್ಯ ಮಾಡಿ. ‘ಸ್ಥಳ ಪರಿಶೀಲಿಸಿ ಮಾತನಾಡಿದ ಅವರು’ ಎಂಬ ಪೇಪರ್ ಶೈಲಿ ಇದೇ ಜಾತಿಯದ್ದು. ಅದನ್ನು ಯಾವ ಮನುಷ್ಯನೂ ಬಾಯಲ್ಲಿ ಹೇಳುವುದಿಲ್ಲ.

ನೀವು ಇಷ್ಟನ್ನು ಈಗಾಗಲೇ ಮಾಡುತ್ತಿರಬಹುದು. ಆದರೂ ಕಾಪಿ ವಾಪಸ್ ಬರುತ್ತಿದ್ದರೆ, ನನ್ನ ಊಹೆ, ಹೇಳಿದವರ ಹೆಸರು ಇನ್ನೂ ಬಾಲದಲ್ಲೇ ಇದೆ.

‘ನಷ್ಟ ಮೂರು ಕೋಟಿ ದಾಟಿದೆ ಎಂದು ಇಲಾಖೆ ತಿಳಿಸಿದೆ’ ಎಂಬುದು ಚಿಕ್ಕ ವಾಕ್ಯವೇ. ಆದರೆ ‘ದಾಟಿದೆ’ವರೆಗೂ ಕೇಳುಗರಿಗೆ ಅದು ರೇಡಿಯೊದವರ ಮಾತು. ಆ ಹೊತ್ತಿಗೆ ಹೊರಗೆ ಬಸ್ ಹಾರ್ನ್ ಹೊಡೆದರೆ ಬಾಲ ಕೇಳಿಸದು, ಇಲಾಖೆಯ ಅಂದಾಜು ನಿಮ್ಮ ಕೇಂದ್ರದ ಸತ್ಯವಾಗಿ ಊರೆಲ್ಲ ಹರಡುತ್ತದೆ. ಆದ್ದರಿಂದ ಹೇಳಿದವರನ್ನು ತಲೆಯಲ್ಲಿಡಿ: ‘ತೋಟಗಾರಿಕೆ ಇಲಾಖೆಯ ಪ್ರಕಾರ’, ‘ಇಲಾಖೆಯ ಅಂದಾಜಿನಂತೆ’. ಕನ್ನಡಕ್ಕೆ ಇದು ಹೊರಗಿನ ಜೋಡಣೆಯಲ್ಲ, ‘ನಮ್ಮಪ್ಪ ಹೇಳೋ ಪ್ರಕಾರ’ ಎಂದು ಮನೆಯಲ್ಲೂ ಅನ್ನುತ್ತೇವೆ.

ಯಾವುದಕ್ಕೆ ಹೀಗೆ ಹೆಸರು ಹಚ್ಚಬೇಕು, ಯಾವುದಕ್ಕೆ ಬೇಡ? ಆಲಿಕಲ್ಲು ಬಿದ್ದದ್ದನ್ನು ಊರೇ ನೋಡಿದೆ, ನಿಮ್ಮ ವರದಿಗಾರರೂ ನೋಡಿದ್ದಾರೆ. ಅದನ್ನು ‘ಇಲಾಖೆ ತಿಳಿಸಿದೆ’ ಎಂದರೆ ನಗೆಪಾಟಲು. ಎಷ್ಟು ಹಾಳಾಯಿತು, ಎಷ್ಟು ನಷ್ಟ, ಯಾರ ತಪ್ಪು ಎಂಬಂಥವಕ್ಕೆ ಮಾತ್ರ ವಾರಸುದಾರ ಬೇಕು. ಇಬ್ಬರು ಬೇರೆ ಬೇರೆ ಲೆಕ್ಕ ಹೇಳುತ್ತಿದ್ದರಂತೂ ಪ್ರತಿ ಲೆಕ್ಕಕ್ಕೂ ಅದರವರ ಹೆಸರು ಮತ್ತೊಮ್ಮೆ ಬರಬೇಕು. ‘ಅವರು’ ಸಾಲದು. ಗೌರವಕ್ಕೂ ‘ಅವರು’, ಬಹುವಚನಕ್ಕೂ ‘ಅವರು’ ಆದ ನಮ್ಮ ಭಾಷೆಯಲ್ಲಿ ಅಧಿಕಾರಿಯೋ ರೈತರೋ ಕಿವಿಗೆ ಗೊತ್ತಾಗುವುದಿಲ್ಲ. ಇಲಾಖೆ ಎಂದೇ ಮತ್ತೆ ಬರೆಯಿರಿ, ಪುನರುಕ್ತಿಯಾಯಿತೆಂಬ ಸಂಕೋಚ ಬೇಡ.

ಇದರ ಜೊತೆಗೆ ಮೂರು ಪದಗಳ ಬಗ್ಗೆ ನನ್ನ ತಕರಾರು. ‘ಎನ್ನಲಾಗಿದೆ’ ಎಂಬುದಕ್ಕೆ ಅಪ್ಪನೂ ಇಲ್ಲ ಅಮ್ಮನೂ ಇಲ್ಲ. ಯಾರು ಅಂದದ್ದು ಎಂದು ಗೊತ್ತಿದ್ದರೆ ಬರೆಯಿರಿ, ಇಲ್ಲದಿದ್ದರೆ ಆ ವಾಕ್ಯವನ್ನೇ ಬಿಡಿ. ‘ಸ್ಪಷ್ಟಪಡಿಸಿದ್ದಾರೆ’ ಎಂದರೆ ಅವರು ಹೇಳಿದ್ದು ನಿಜ ಎಂದು ನೀವೇ ಒಪ್ಪಿದಂತೆ. ‘ಒಪ್ಪಿಕೊಂಡಿದ್ದಾರೆ’ ಎಂದರೆ ಅವರು ತಪ್ಪಿತಸ್ಥರು ಎಂದಂತೆ. ‘ಹೇಳಿದ್ದಾರೆ’ ಎಂಬ ಬಡಪಾಯಿ ಕ್ರಿಯಾಪದ ಹತ್ತು ಸಲ ಬಂದರೂ ಕೇಳುಗರಿಗೆ ಅದರ ಮೇಲೆ ಗಮನ ಹೋಗುವುದಿಲ್ಲ. (ಮಾತಿನಲ್ಲಿ ನಾವು ಬಳಸುವ ‘ಅಂತೆ’ ಬಹಳ ಚೊಕ್ಕ ಸಾಧನ, ಆದರೆ ಬುಲೆಟಿನ್‌ನಲ್ಲಿ ಅದು ಕಟ್ಟೆ ಹರಟೆಯಾಗಿ ಕೇಳಿಸುತ್ತದೆ.)

ಇನ್ನು ಅಂಕಿಗಳು. ನಮ್ಮ ರೈತರ ತಲೆಯಲ್ಲಿರುವುದು ಎಕರೆ, ಗುಂಟೆ. ಒಂದು ಹೆಕ್ಟೇರ್ ಎಂದರೆ ಸುಮಾರು 2.47 ಎಕರೆ. 212.4 ಹೆಕ್ಟೇರ್ ಸುಮಾರು 525 ಎಕರೆಯಾಗುತ್ತದೆ, ‘ಐನೂರು ಎಕರೆಗೂ ಹೆಚ್ಚು’ ಎಂದರೆ ಸಾಕು. ನಷ್ಟದ ಮೊತ್ತ ‘ಮೂರು ಕೋಟಿ ರೂಪಾಯಿಗೂ ಹೆಚ್ಚು’. ಒಂದು ವಾಕ್ಯಕ್ಕೆ ಒಂದೇ ಅಂಕಿ. ಓದುವ ಪ್ರತಿಯಲ್ಲಿ ಅದನ್ನು ಅಕ್ಷರದಲ್ಲೇ ಬರೆಯಿರಿ, ಸೊನ್ನೆ ಎಣಿಸುತ್ತ ವಾಚಕರು ತಡವರಿಸಬಾರದು. ಸುತ್ತು ಅಂಕಿ ಮಾಡಬಾರದ್ದೂ ಉಂಟು: ಮಾರುಕಟ್ಟೆ ದರ, ಕೊನೆಯ ದಿನಾಂಕ, ಸತ್ತವರ ಸಂಖ್ಯೆ. ಕೋಲಾರ ಎಪಿಎಂಸಿಯ ಟೊಮೆಟೊ ದರ ಹೇಳುವಾಗ ಬಾಕ್ಸ್‌ಗೆ ಎಷ್ಟು ಎನ್ನಿ, ಅದು 15 ಕೆ.ಜಿ. ಬಾಕ್ಸ್ ಎಂದೂ ಒಮ್ಮೆ ಹೇಳಿ. ‘ಇಪ್ಪತ್ತು’, ‘ಎಪ್ಪತ್ತು’ ಎರಡೂ ಕಿವಿಗೆ ಒಂದೇ ತರಹ ಬೀಳುತ್ತವೆ. ದರ ಮುನ್ನೂರ ಎಪ್ಪತ್ತು ಇದ್ದರೆ ‘ಮುನ್ನೂರ ಎಪ್ಪತ್ತು, ಅಂದರೆ ನಾನೂರಕ್ಕೆ ಮೂವತ್ತು ಕಡಿಮೆ’ ಎಂದು ಇನ್ನೊಂದು ದಾರಿಯಿಂದಲೂ ತಲುಪಿಸಿ. ‘ಕ್ರಮವಾಗಿ’ ಎಂಬ ಪದವನ್ನು ರೇಡಿಯೊದಲ್ಲಿ ಮರೆತೇಬಿಡಿ. ಮೂರು ಊರು, ಮೂರು ದರ ಹೇಳಿ ಕೊನೆಗೆ ‘ಕ್ರಮವಾಗಿ’ ಎಂದರೆ ಯಾರೂ ಜೋಡಿಸಿಕೊಳ್ಳಲಾರರು.

ಅಪಾಯದ್ದು ಮತ್ತೊಂದಿದೆ. ‘ಇಲ್ಲ’ ಕೂಡ ಕನ್ನಡದಲ್ಲಿ ಕೊನೆಗೇ ಬರುತ್ತದೆ. ‘ನಾಳೆ ಶಾಲೆಗಳಿಗೆ ರಜೆ ಇರುವುದಿಲ್ಲ’ ಎಂದು ಓದಿದರೆ ‘ನಾಳೆ ಶಾಲೆಗಳಿಗೆ ರಜೆ’ ಎಂಬಲ್ಲಿಗೇ ಮನೆಯ ಮಕ್ಕಳು ಕುಣಿಯಲು ಶುರು. ‘ಶಾಲೆಗಳು ನಾಳೆ ಎಂದಿನಂತೆ ನಡೆಯಲಿವೆ’ ಎಂದು ತಿರುಗಿಸಿ. ‘ನಾಳೆ’ಯನ್ನೂ ಪರೀಕ್ಷಿಸಿ: ಪ್ರಕಟಣೆ ಬರೆದ ದಿನದ ನಾಳೆಯೋ, ಪ್ರಸಾರದ ದಿನದ ನಾಳೆಯೋ? ವಾರದ ಹೆಸರು ಸೇರಿಸಿದರೆ ಗೊಂದಲವಿರುವುದಿಲ್ಲ.

ಈಗ ಮೇಲಿನ ಸುದ್ದಿಯನ್ನು ಮತ್ತೆ ಕಟ್ಟೋಣ. ರೈತ ಸಂಘದವರು ಬೇರೆ ಲೆಕ್ಕ ಹೇಳಿದ್ದಾರೆ, ಇಪ್ಪತ್ತನೇ ತಾರೀಖು ಶುಕ್ರವಾರ ಬಿದ್ದಿದೆ ಎಂದಿಟ್ಟುಕೊಳ್ಳಿ.

“ಭಾನುವಾರದ ಆಲಿಕಲ್ಲು ಮಳೆಗೆ ಮುಳಬಾಗಿಲು ತಾಲ್ಲೂಕಿನಲ್ಲಿ ಟೊಮೆಟೊ ಬೆಳೆ ಹಾಳಾಗಿದೆ. ಮಾವಿಗೂ ಪೆಟ್ಟು ಬಿದ್ದಿದೆ. ತೋಟಗಾರಿಕೆ ಇಲಾಖೆಯ ಮೊದಲ ಅಂದಾಜಿನ ಪ್ರಕಾರ, ಟೊಮೆಟೊ ಹಾಳಾಗಿರುವುದು ಐನೂರು ಎಕರೆಗೂ ಹೆಚ್ಚು. ಇಲಾಖೆಯ ಲೆಕ್ಕದಲ್ಲಿ ಒಟ್ಟು ನಷ್ಟ ಮೂರು ಕೋಟಿ ರೂಪಾಯಿಗೂ ಹೆಚ್ಚು. ರೈತ ಸಂಘದ ತಾಲ್ಲೂಕು ಘಟಕದ ಲೆಕ್ಕ ಬೇರೆ. ಸಂಘದ ಪ್ರಕಾರ, ಹಾನಿ ಸಾವಿರ ಎಕರೆ ಮೀರಿದೆ. ಪರಿಹಾರಕ್ಕೆ ಅರ್ಜಿ ಕೊಡಲು ಇದೇ ಶುಕ್ರವಾರ, ಇಪ್ಪತ್ತನೇ ತಾರೀಖು, ಕೊನೆಯ ದಿನ. ಪಹಣಿ ಮತ್ತು ಆಧಾರ್ ಪ್ರತಿ ತೆಗೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು.”

ವಾಕ್ಯಗಳ ಕೊನೆ ಗಮನಿಸಿ. ಎಲ್ಲವನ್ನೂ ‘ಆಗಿದೆ, ಬಿದ್ದಿದೆ, ಹೇಳಿದೆ’ ಎಂದೇ ಮುಗಿಸಿದರೆ ಸುತ್ತಿಗೆ ಏಟಿನಂತೆ ಕೇಳಿಸುತ್ತದೆ. ವಾಕ್ಯ ಚಿಕ್ಕದು ಮಾಡಲು ಹೊರಟವರು ಸಾಮಾನ್ಯವಾಗಿ ಈ ಗುಂಡಿಗೆ ಬೀಳುತ್ತಾರೆ. ಮಧ್ಯೆ ‘ಹೆಚ್ಚು’, ‘ಬೇರೆ’, ‘ಕೊನೆಯ ದಿನ’ ಎಂದು ಕ್ರಿಯಾಪದವಿಲ್ಲದೆ ಮುಗಿಯುವ ವಾಕ್ಯಗಳು ಬಂದರೆ ಲಯ ಮುರಿಯುತ್ತದೆ.

ಬರೆದ ಮೇಲೆ ಓದಬೇಕು, ಅದೂ ಬುಲೆಟಿನ್‌ನ ದನಿಯಲ್ಲೇ. ತುಟಿಯಲ್ಲಿ ಗುನುಗಿದರೆ ತಪ್ಪು ಸಿಗದು, ಏಕೆಂದರೆ ಆಗ ಉಸಿರು ಖರ್ಚಾಗುವುದಿಲ್ಲ. ಉಸಿರು ಎಳೆದುಕೊಂಡ ಜಾಗದಲ್ಲಿ ಪೆನ್ಸಿಲ್‌ನಿಂದ ಒಂದು ಗೆರೆ ಹಾಕಿ. ಗೆರೆ ಪೂರ್ಣವಿರಾಮದ ಮೇಲೆ ಬೀಳದಿದ್ದರೆ ಆ ವಾಕ್ಯ ಒಡೆಯಬೇಕು. ನಾಲಿಗೆ ಎರಡು ಸಲ ಒಂದೇ ಕಡೆ ತೊಡರಿದರೆ ಮೂರನೇ ಸಲ ಪ್ರಯತ್ನಿಸದೆ ಪದ ಬದಲಿಸಿ. ಆಮೇಲೆ ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಕೇಳಿ. ರೇಡಿಯೊ ಕೇಳುವವರು ಕೈಕಟ್ಟಿ ಕೂತು ಕೇಳುವುದಿಲ್ಲವಲ್ಲ. ಕಾಪಿ ನೋಡದವರೊಬ್ಬರಿಗೆ ಒಂದೇ ಸಲ ಕೇಳಿಸಿ, ಮೂರು ಪ್ರಶ್ನೆ ಹಾಕಿ: ಎಲ್ಲಿ ಆಯಿತು, ಐನೂರು ಎಕರೆ ಎಂದವರು ಯಾರು, ಕೊನೆಯ ದಿನ ಯಾವುದು. ಎರಡನೆಯದಕ್ಕೆ ‘ರೇಡಿಯೊದವರು’ ಎಂಬ ಉತ್ತರ ಬಂದರೆ ಹೆಸರು ಇನ್ನೂ ಸರಿಯಾದ ಜಾಗಕ್ಕೆ ಬಂದಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಪರೀಕ್ಷೆ: ‘ಹ’ಕಾರ. ‘ಹಕ್ಕಿ ಜ್ವರ’ ಅವಸರದ ಓದಿನಲ್ಲಿ ‘ಅಕ್ಕಿ ಜ್ವರ’ವಾಗುವುದು ಬರೀ ತಮಾಷೆಯಲ್ಲ. ‘ಕೋಳಿಗಳಿಗೆ ಹಕ್ಕಿ ಜ್ವರ’ ಎಂದು ಪಕ್ಕದಲ್ಲೊಂದು ಊರುಗೋಲು ಕೊಟ್ಟು ಬರೆಯುವುದು ಕ್ಷೇಮ.

ನೀವು ಬರೆಯುತ್ತಿರುವುದು ಸಮುದಾಯ ರೇಡಿಯೊಗಾದರೆ ಒಂದು ವಿಷಯ ತಿಳಿದಿರಲಿ. ಸ್ವಂತ ಸುದ್ದಿ ಬುಲೆಟಿನ್ ಮಾಡಲು ಅವುಗಳಿಗೆ ಅನುಮತಿಯಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೆ ಮರುಪ್ರಸಾರ ಮಾಡಬಹುದು. ಹವಾಮಾನ, ವಿದ್ಯುತ್ ಮತ್ತು ನೀರು ಪೂರೈಕೆ, ಪರೀಕ್ಷೆ, ಪ್ರಕೃತಿ ವಿಕೋಪದ ಬಗ್ಗೆ ಸ್ಥಳೀಯ ಆಡಳಿತದ ಪ್ರಕಟಣೆಗಳನ್ನು ಹೇಳಬಹುದು. ಅಲ್ಲಿಗಾದರೆ ಮೇಲಿನ ಸುದ್ದಿಯಲ್ಲಿ ಇಲಾಖೆಯ ಪ್ರಕಟಣೆಯಷ್ಟನ್ನು ಉಳಿಸಿಕೊಳ್ಳಿ, ಲೆಕ್ಕದ ಜಗಳ ಬಿಡಿ.

ಕೊನೆಗೆ ಉದ್ದದ ಲೆಕ್ಕ. ಇಂಗ್ಲಿಷ್ ಕೈಪಿಡಿಗಳಲ್ಲಿ ನಿಮಿಷಕ್ಕೆ ಇಷ್ಟು ಪದ ಎಂದು ಬರೆದಿರುವುದು ನಮಗೆ ಹೊಂದುವುದಿಲ್ಲ. ವಿಭಕ್ತಿ, ಪ್ರತ್ಯಯ ಎಲ್ಲ ಅಂಟಿಕೊಂಡು ಕನ್ನಡದ ಪದ ಉದ್ದವಾಗಿರುತ್ತದೆ. ನಿಮ್ಮ ವಾಚಕರಿಂದಲೇ ಒಂದು ನಿಮಿಷ ಓದಿಸಿ ಪದ ಎಣಿಸಿಟ್ಟುಕೊಳ್ಳಿ, ಮುಂದೆ ಅದೇ ಅಳತೆ. ಸಮಯ ಕಡಿಮೆ ಬಿದ್ದರೆ ಮೇಲಿನ ಸುದ್ದಿಯಲ್ಲಿ ಮೊದಲು ಮಾವಿನ ವಾಕ್ಯ ತೆಗೆಯಿರಿ, ಆಮೇಲೆ ಕೋಟಿಯ ಲೆಕ್ಕ. ‘ಇಲಾಖೆಯ ಅಂದಾಜಿನ ಪ್ರಕಾರ’ ಎಂಬ ಮಾತನ್ನೂ ಅರ್ಜಿಯ ಕೊನೆಯ ದಿನವನ್ನೂ ಮುಟ್ಟಬೇಡಿ.