ತೆಂಗಿನಕಾಯಿ ಎಲ್ಲಿ ತಪ್ಪಬಹುದು?

*ಸಂಪಾದಕರಿಗೆ ನಮಸ್ಕಾರ. ನಮ್ಮದು ಹೊಳಲ್ಕೆರೆ ತಾಲ್ಲೂಕು. ನಮ್ಮ ಸೋದರಮಾವ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆದು ಬೋರ್‌ವೆಲ್‌ಗೆ ಪಾಯಿಂಟ್ ಹೇಳುತ್ತಾರೆ. ಸೆಲೆ ಇರುವಲ್ಲಿ ಕಾಯಿ ಎದ್ದು ನಿಲ್ಲುತ್ತದೆ. ಈ ವಿದ್ಯೆಯ ಹಿಂದಿನ ವಿಜ್ಞಾನದ ಬಗ್ಗೆ ಲೇಖನ ಕಳುಹಿಸಿದ್ದೆ. ‘ಇದರಲ್ಲಿ ಪರೀಕ್ಷಿಸಬಹುದಾದ ಮಾತೇ ಇಲ್ಲ’ ಎಂದು ಬರೆದು ಹಿಂದಿರುಗಿಸಿದ್ದೀರಿ. ನೀರು ಬಿದ್ದ ಹನ್ನೊಂದು ಬೋರ್‌ವೆಲ್‌ಗಳ ವಿವರ ಕೊಟ್ಟಿದ್ದೇನೆ. ಅದಕ್ಕಿಂತ ದೊಡ್ಡ ಪುರಾವೆ ಏನು ಬೇಕು? ದಯವಿಟ್ಟು ಬಿಡಿಸಿ ಹೇಳಿ.*

ನಮಸ್ಕಾರ. ಬಿಡಿಸಿ ಹೇಳುವಷ್ಟು ಶ್ರಮ ನಿಮ್ಮ ಲೇಖನದಲ್ಲಿದೆ. ಅದನ್ನು ಇನ್ನೊಮ್ಮೆ ಓದಿಯೇ ಇದನ್ನು ಬರೆಯುತ್ತಿದ್ದೇನೆ.

ಹನ್ನೊಂದು ಬೋರ್‌ವೆಲ್‌ಗಳ ಪಟ್ಟಿ ನನ್ನನ್ನು ಅಷ್ಟಾಗಿ ತಡೆಯಲಿಲ್ಲ. ತಡೆದದ್ದು ನಾಲ್ಕನೆಯ ಪುಟದ ಕೊನೆಯಲ್ಲಿರುವ ಎರಡು ವಾಕ್ಯಗಳು. ಒಂದು ಕಡೆ ನೀರು ಬೀಳಲಿಲ್ಲ, ಏಕೆಂದರೆ ರಿಗ್‌ನವರು ಪಾಯಿಂಟ್ ಬಿಟ್ಟು ಎರಡು ಅಡಿ ಆಚೆ ಕೊರೆದರು ಎಂದಿದ್ದೀರಿ. ಇನ್ನೊಂದು ಕಡೆ ಬೀಳಲಿಲ್ಲ, ಏಕೆಂದರೆ ಅಂದು ಅಮಾವಾಸ್ಯೆ ಹತ್ತಿರವಿತ್ತು ಎಂದಿದ್ದೀರಿ. ಅಂದರೆ ಒಟ್ಟು ಹದಿಮೂರು ಕಡೆ ಕೊರೆಸಲಾಗಿದೆ. ಅದರಲ್ಲಿ ನೀರು ಬಿದ್ದ ಹನ್ನೊಂದನ್ನು ವಿದ್ಯೆಯ ಖಾತೆಗೂ ಬೀಳದ ಎರಡನ್ನು ರಿಗ್ಗು ಮತ್ತು ತಿಥಿಯ ಖಾತೆಗೂ ಬರೆದಿದ್ದೀರಿ. ಹದಿಮೂರರಲ್ಲಿ ಹದಿಮೂರೂ ಒಣಗಿದ್ದರೂ ಇದೇ ಲೆಕ್ಕ ನಡೆಯುತ್ತಿತ್ತಲ್ಲವೇ? ಹಾಗೆ ನಡೆಯುವುದಾದರೆ ಆ ಹನ್ನೊಂದಕ್ಕೆ ಬೆಲೆ ಎಲ್ಲಿಂದ ಬರಬೇಕು?

1934ರಲ್ಲಿ ತತ್ತ್ವಜ್ಞಾನಿ ಕಾರ್ಲ್ ಪಾಪ್ಪರ್ ತಮ್ಮ ಪುಸ್ತಕದಲ್ಲಿ ಒತ್ತಿ ಹೇಳಿದ್ದು ಇದನ್ನೇ. ಒಂದು ಊಹೆ ವಿಜ್ಞಾನದ ಮಾತೆನಿಸಿಕೊಳ್ಳಬೇಕಾದರೆ, ಏನು ಕಂಡರೆ ತಾನು ಸುಳ್ಳೆಂದು ಒಪ್ಪುತ್ತದೆ ಎಂಬುದನ್ನು ಅದು ಮೊದಲೇ ಹೇಳಿರಬೇಕು. ಈ ಗುಣಕ್ಕೆ ಇಂಗ್ಲಿಷಿನಲ್ಲಿ ಫಾಲ್ಸಿಫಯಬಿಲಿಟಿ ಎನ್ನುತ್ತಾರೆ. ನಾವು ‘ತಪ್ಪೆಂದು ತೋರಿಸಲು ಬರುವಂತಿರುವುದು’ ಎನ್ನೋಣ. ಆ ಮಾತು ಸುಳ್ಳಾಗಿರಬೇಕು ಎಂದು ಇದರ ಅರ್ಥವಲ್ಲ. ಸುಳ್ಳಾಗಿದ್ದರೆ ಸಿಕ್ಕಿಬೀಳುವ ದಾರಿ ತೆರೆದಿರಬೇಕು, ಅಷ್ಟೇ. ‘ಈ ಗೂಟದ ಕೆಳಗೆ 400 ಅಡಿಯೊಳಗೆ ಒಂದೂವರೆ ಇಂಚು ನೀರು ಸಿಗುತ್ತದೆ’ ಎಂಬ ಮಾತಿಗೆ ಆ ದಾರಿ ಇದೆ. ‘ಕಾಯಿ ಭೂಮಿಯ ಜಲಶಕ್ತಿಗೆ ಸ್ಪಂದಿಸುತ್ತದೆ’ ಎಂಬ ನಿಮ್ಮ ವಾಕ್ಯಕ್ಕೆ ಇಲ್ಲ. ಯಾವ ಹೊಲದಲ್ಲಿ ಏನು ಕಂಡರೂ ಅದು ಹಾಗೆಯೇ ಉಳಿಯುತ್ತದೆ.

ನಿಮ್ಮ ಸೋದರಮಾವನ ಮಾತು ಪರೀಕ್ಷೆಗೆ ನಿಲ್ಲುವಂಥದ್ದೇ. ಅವರು ನೆಲದ ಮೇಲೆ ಒಂದು ಜಾಗವನ್ನು ತೋರಿಸಿ ‘ಇಲ್ಲಿ’ ಎನ್ನುತ್ತಾರೆ. ಅದು ಧೈರ್ಯದ ಮಾತು. ಲೇಖನದಲ್ಲಿ ನೀವು ಅದಕ್ಕೆ ಸುತ್ತಲೂ ಬೇಲಿ ಕಟ್ಟಿದ್ದರಿಂದ ಅದರ ಧೈರ್ಯ ಹೋಯಿತು.

ಹಾಗೆಂದು ಎಲ್ಲ ಸಮಜಾಯಿಷಿಯೂ ಕೆಟ್ಟದ್ದಲ್ಲ. ಇದನ್ನು ತಿಳಿಯದೆ ಪಾಪ್ಪರ್ ಹೆಸರು ಹೇಳುವವರು ಬಹಳ ಜನ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೇನಸ್ ಗ್ರಹ ನ್ಯೂಟನ್‌ನ ಲೆಕ್ಕ ಹೇಳಿದ ಜಾಗದಲ್ಲಿ ಇರುತ್ತಿರಲಿಲ್ಲ. ಲೆಕ್ಕ ತಪ್ಪಿತೆಂದು ಯಾರೂ ನ್ಯೂಟನ್‌ನನ್ನು ಕೈಬಿಡಲಿಲ್ಲ. ಫ್ರಾನ್ಸಿನ ಲೆವೆರಿಯೆ ಒಂದು ಸಮಜಾಯಿಷಿ ಕೊಟ್ಟ: ಕಾಣದ ಇನ್ನೊಂದು ಗ್ರಹ ಅದನ್ನು ಎಳೆಯುತ್ತಿದೆ. ಆದರೆ ಅವನು ಅಲ್ಲಿಗೆ ನಿಲ್ಲದೆ, ಆಕಾಶದಲ್ಲಿ ಆ ಗ್ರಹ ಎಲ್ಲಿರಬೇಕೆಂದು ಲೆಕ್ಕಹಾಕಿ ಬರ್ಲಿನ್ನಿನ ವೀಕ್ಷಣಾಲಯಕ್ಕೆ ಪತ್ರ ಬರೆದ. 1846ರ ಸೆಪ್ಟೆಂಬರ್ 23ರ ರಾತ್ರಿ ಅಲ್ಲಿನ ಖಗೋಳವಿಜ್ಞಾನಿ ಗಾಲೆ ದೂರದರ್ಶಕ ತಿರುಗಿಸಿದಾಗ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನ್ ಸಿಕ್ಕಿತು. ಮುಂದೆ ಬುಧಗ್ರಹದ ಚಲನೆಯಲ್ಲಿ ವ್ಯತ್ಯಾಸ ಕಂಡಾಗ ಅದೇ ಲೆವೆರಿಯೆ ಅದೇ ಬಗೆಯ ಕಾರಣ ಕೊಟ್ಟ: ಸೂರ್ಯನ ಸಮೀಪ ಇನ್ನೂ ಏನೋ ಇದೆ. ಅದಕ್ಕೆ ವಲ್ಕನ್ ಎಂದು ಹೆಸರೂ ಬಂತು. ಜನ ವರ್ಷಗಟ್ಟಲೆ ಹುಡುಕಿದರು, ಸಿಗಲಿಲ್ಲ. ಅಲ್ಲಿ ತಪ್ಪು ನಿಜವಾಗಿ ನ್ಯೂಟನ್‌ನ ನಿಯಮದಲ್ಲೇ ಇತ್ತೆಂದು 1915ರಲ್ಲಿ ಐನ್‌ಸ್ಟೈನ್‌ನ ಸಿದ್ಧಾಂತ ತೋರಿಸಿತು. ಒಂದು ಕಾರಣ ಗೆದ್ದಿತು, ಒಂದು ಸೋತಿತು. ಎರಡೂ ಪ್ರಾಮಾಣಿಕವಾದವು, ಏಕೆಂದರೆ ಎರಡನ್ನೂ ಹೋಗಿ ನೋಡಲು ಬರುತ್ತಿತ್ತು.

ಈಗ ನಿಮ್ಮ ಎರಡು ಅಡಿಗೆ ಬನ್ನಿ. ರಿಗ್ ಸರಿಯಿತು ಎಂಬುದನ್ನೂ ನೋಡಿ ತಿಳಿಯಬಹುದು. ಪಾಯಿಂಟ್ ಹೇಳಿದ ಕೂಡಲೇ ಗೂಟ ಹೊಡೆದು, ಬದುವಿನ ಎರಡು ಮೂಲೆಗಳಿಂದ ಟೇಪ್ ಹಿಡಿದು ಅಳತೆ ಬರೆದಿಟ್ಟರೆ, ಕೊರೆದ ಮೇಲೆ ಕೇಸಿಂಗ್ ಪೈಪಿನಿಂದ ಮತ್ತೆ ಅಳೆದರಾಯಿತು. ಹಾಗೆ ಅಳೆದಿದ್ದೀರಾ? ನೀರು ಬಿದ್ದ ಹನ್ನೊಂದು ಕಡೆ ರಿಗ್ ಎರಡು ಅಡಿ ಸರಿದಿರಲಿಲ್ಲವೆಂದು ಯಾರು ನೋಡಿದ್ದಾರೆ? ಸೋತಾಗ ಮಾತ್ರ ಟೇಪ್ ಹುಡುಕುವುದು ನ್ಯಾಯವಲ್ಲ. ಅಮಾವಾಸ್ಯೆಯ ಮಾತಿಗೂ ಇದೇ ಪ್ರಶ್ನೆ. ಹನ್ನೊಂದರ ದಿನಾಂಕಗಳನ್ನು ಪಂಚಾಂಗದ ಪಕ್ಕ ಇಟ್ಟು ನೋಡಿ.

ನನಗೆ ಇದರಲ್ಲಿ ನೋವಿದೆ, ಅದನ್ನು ಮುಚ್ಚಿಡುವುದಿಲ್ಲ. ಚನ್ನಗಿರಿ ಕಡೆಯ ನಮ್ಮ ಅಡಿಕೆ ತೋಟ ಒಣಗುತ್ತಿದ್ದ ಒಂದು ಬೇಸಿಗೆಯಲ್ಲಿ ಅಪ್ಪ ಸಾಲ ಮಾಡಿ ಮೂರು ಕಡೆ ಕೊರೆಸಿದರು. ಮೂರನೆಯದರಲ್ಲಿ ಬರೀ ಕಲ್ಲಿನ ಪುಡಿ ಹಾರಿ ಇಡೀ ತೋಟದ ಗರಿಗಳು ಬೆಳ್ಳಗಾದದ್ದು ಕಣ್ಣ ಮುಂದೆ ಇದೆ. ಪಾಯಿಂಟ್ ನೋಡಿದವರು ಸಂಜೆ ಬಂದು, ಸೆಲೆ ಪಕ್ಕಕ್ಕೆ ಸರಿದಿದೆ ಎಂದರು. ಅಪ್ಪ ಎದುರು ಮಾತಾಡಲಿಲ್ಲ. ‘ಏನಾದರೆ ನೀವು ಹೇಳಿದ್ದು ತಪ್ಪೆಂದು ಒಪ್ಪುತ್ತೀರಿ?’ ಎಂದು ರಿಗ್ ಬರುವ ಮುನ್ನ ಕೇಳಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನು ಹನ್ನೊಂದರ ಲೆಕ್ಕ. ನಮ್ಮ ಭಾಗದ್ದು ಗಟ್ಟಿ ಕಲ್ಲಿನ ನೆಲ. ನೀರು ಇರುವುದು ಮೇಲಿನ ಸವೆದು ಸಡಿಲವಾದ ಪದರದಲ್ಲಿ, ಮತ್ತು ಅದರ ಕೆಳಗೆ ಕಲ್ಲಿನ ಬಿರುಕುಗಳಲ್ಲಿ. ಬಿರುಕುಗಳು ಒಂದಕ್ಕೊಂದು ಕೂಡಿಕೊಂಡಿರುವ ಕಡೆ, ಹೊಲದ ಈ ಮೂಲೆಯಲ್ಲಿ ಕೊರೆದರೂ ಆ ಮೂಲೆಯಲ್ಲಿ ಕೊರೆದರೂ ಅಷ್ಟಿಷ್ಟು ನೀರು ಬೀಳುತ್ತದೆ. ಹಾಗಾಗಿ ನೀವು ಉತ್ತರಿಸಬೇಕಾದ ಪ್ರಶ್ನೆ ಬೇರೆ: ನಿಮ್ಮ ಊರಿನಲ್ಲಿ ಯಾರನ್ನೂ ಕೇಳದೆ, ಮೋಟರ್ ಮನೆಗೆ ಹತ್ತಿರವೆಂದೋ ಲಾರಿ ನಿಲ್ಲಲು ಅನುಕೂಲವೆಂದೋ ಕೊರೆಸಿದವರಲ್ಲಿ ಎಷ್ಟು ಜನರಿಗೆ ನೀರು ಬಿದ್ದಿದೆ? ಅವರಲ್ಲೂ ಹತ್ತರಲ್ಲಿ ಎಂಟು ಜನರಿಗೆ ಬಿದ್ದಿದ್ದರೆ, ಹದಿಮೂರರಲ್ಲಿ ಹನ್ನೊಂದು ಎಂಬುದು ಕಾಯಿಯ ಬಗ್ಗೆ ಏನನ್ನೂ ಹೇಳದು, ನಿಮ್ಮ ಊರಿನ ಕಲ್ಲಿನ ಬಗ್ಗೆ ಹೇಳುತ್ತದೆ. ಅವರಲ್ಲಿ ಹತ್ತಕ್ಕೆ ಮೂವರಿಗೆ ಮಾತ್ರ ಬಿದ್ದಿದ್ದರೆ ನಾನು ಕುರ್ಚಿ ಮುಂದಕ್ಕೆಳೆದು ಕೂರುತ್ತೇನೆ. ನೀರು ಬಿತ್ತು ಎಂದರೇನೆಂಬುದೂ ಮೊದಲೇ ಬರೆದಿರಬೇಕು. ನಿಮ್ಮ ಪಟ್ಟಿಯಲ್ಲಿ ಎರಡು ಇಂಚಿನದೂ ಇದೆ, ತಿಂಗಳೊಳಗೆ ನಿಂತುಹೋದದ್ದೂ ಇದೆ. ಎರಡಕ್ಕೂ ಒಂದೇ ಗುರುತು ಹಾಕಿದ್ದೀರಿ.

ಒಂದು ಅಡಿಯೂ ಕೊರೆಯದೆ, ಒಂದು ರೂಪಾಯಿ ಖರ್ಚಿಲ್ಲದೆ ಮಾಡಬಹುದಾದ ಪರೀಕ್ಷೆ ಇದೆ. ಸೆಲೆ ನೆಲದಲ್ಲಿದ್ದರೆ ಅದು ಬೆಳಿಗ್ಗೆಯಿಂದ ಸಂಜೆಯೊಳಗೆ ಜಾಗ ಬದಲಿಸುವುದಿಲ್ಲ. ಹಾಗಾದರೆ ಕಾಯಿ ಪ್ರತಿ ಸಲವೂ ಅದೇ ಜಾಗದಲ್ಲಿ ಏಳಬೇಕು. ಸಮತಟ್ಟಾದ ಹೊಲದಲ್ಲಿ ನೂರು ಅಡಿ ಹಗ್ಗ ಎಳೆದು, ಹತ್ತು ಹತ್ತು ಅಡಿಯ ಹತ್ತು ತುಂಡು ಮಾಡಿ. ಮಾವ ಕಣ್ಣು ತೆರೆದುಕೊಂಡೇ ನಡೆದು, ಕಾಯಿ ಅತಿ ಜೋರಾಗಿ ಎದ್ದ ತುಂಡು ಯಾವುದೆಂದು ಹೇಳಲಿ. ಒಂದೇ ತುಂಡು. ಅದನ್ನು ಬರೆದಿಡಿ. ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ ಮೂರು ಸಲ ನಡೆಸಿ. ಹೆಜ್ಜೆ ಎಣಿಸಲು ಆಗದಂತೆ ಪ್ರತಿ ಸಲ ಬೇರೆ ಜಾಗದಿಂದ ಹೊರಡಿಸಿ, ತುದಿ ಮುಟ್ಟಿದರೆ ತಿರುಗಿಸಿ ನಡೆಸಿ. ಕೈಹಿಡಿದು ನಡೆಸುವವರು ಮೊದಲ ಸುತ್ತಿನಲ್ಲಿ ಅಲ್ಲಿ ಇದ್ದಿರಬಾರದು. ಉತ್ತರ ಗೊತ್ತಿರುವ ಕೈ, ಬೇಡವೆಂದರೂ ಆ ಜಾಗದಲ್ಲಿ ಸ್ವಲ್ಪ ಬಿಗಿಯುತ್ತದೆ. ಅಷ್ಟು ಸುಳಿವು ಸಾಕು.

ಬರೀ ಅದೃಷ್ಟದಿಂದ ಒಂದು ಸಲ ಹೊಂದುವ ಸಾಧ್ಯತೆ ಹತ್ತರಲ್ಲಿ ಒಂದು. ಮೂರು ಸುತ್ತಿನಲ್ಲಿ ಒಮ್ಮೆಯಾದರೂ ಹೊಂದುವುದು ನೂರಕ್ಕೆ ಸುಮಾರು 27 ಸಲ ಆಗಿಯೇ ಆಗುತ್ತದೆ, ಆದ್ದರಿಂದ ಒಂದು ಹೊಂದಿಕೆಯನ್ನು ಗೆಲುವೆನ್ನಬೇಡಿ. ಎರಡು ಅಥವಾ ಮೂರು ಹೊಂದುವುದು ನೂರಕ್ಕೆ ಮೂರು ಸಲಕ್ಕಿಂತ ಕಡಿಮೆ. ‘ಎರಡು ಹೊಂದದಿದ್ದರೆ ಈ ಹೊಲದಲ್ಲಿ ಕಾಯಿ ನೆಲದ ಒಳಗಿನದಕ್ಕೆ ಏಳುತ್ತಿಲ್ಲ ಎಂದು ಒಪ್ಪುತ್ತೇವೆ’ ಎಂದು ಮೊದಲೇ ಬರೆದು ಮಾವನಿಗೆ ಓದಿ ಹೇಳಿ. ಚಪ್ಪಲಿ, ತಿಥಿ, ಹೊತ್ತು, ಬಟ್ಟೆ, ಯಾವುದಾದರೂ ಅಡ್ಡಿಯಾಗುವುದಿದ್ದರೆ ಅವರು ಆಗಲೇ ಹೇಳಲಿ. ಅವರು ಒಪ್ಪಿದ ದಿನವೇ, ಅವರದೇ ಕಾಯಿಯಿಂದ ಮಾಡಿ. ಎರಡೋ ಮೂರೋ ಹೊಂದಿದರೂ ಕೆಳಗೆ ನೀರಿದೆ ಎಂದು ಸಾಬೀತಾಗುವುದಿಲ್ಲ. ಕಾಲಿಗೆ ಸಿಗುವ ಮಣ್ಣಿನ ಏರಿಳಿತಕ್ಕೂ ಕೈ ಬದಲಾಗಬಹುದು. ಆಗ ಇನ್ನೊಂದು ಹೊಲದಲ್ಲಿ ಹೆಚ್ಚು ಸುತ್ತು ಮಾಡಬೇಕಾಗುತ್ತದೆ.

ಇಂಥದ್ದನ್ನು ದೊಡ್ಡದಾಗಿ ಮಾಡಿದವರಿದ್ದಾರೆ. 1987–88ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ಎರಡು ಅಂತಸ್ತಿನ ಕಣಜದಲ್ಲಿ, ಕೆಳಗೆ ನೀರಿನ ಪೈಪನ್ನು ಹತ್ತು ಮೀಟರ್ ಗೆರೆಯ ಮೇಲೆ ಬೇಕೆಂದ ಕಡೆ ಸರಿಸುತ್ತಿದ್ದರು. ಮೇಲಿನ ಅಂತಸ್ತಿನಲ್ಲಿ ನೀರು ನೋಡುವವರು ಅದರ ಜಾಗ ಹೇಳಬೇಕಿತ್ತು. ಸುಮಾರು 500 ಜನರಿಂದ ಆರಿಸಿದ 43 ಮಂದಿ, 843 ಪ್ರಯತ್ನಗಳು. ಕೆಲವರಿಗೆ ನಿಜವಾದ ಶಕ್ತಿ ಇದೆ ಎಂದು ಪ್ರಯೋಗ ಮಾಡಿದವರು ಬರೆದರು. ಎನ್‌ರೈಟ್ ಎಂಬ ವಿಜ್ಞಾನಿ ಅವೇ ಅಂಕಿಗಳನ್ನು ಮತ್ತೆ ನೋಡಿ, ಒಟ್ಟು ಫಲಿತಾಂಶ ಕುರುಡು ಊಹೆಯಂತೆಯೇ ಇದೆ, ಒಂದು ಸರಣಿಯಲ್ಲಿ ಚೆನ್ನಾಗಿ ಹೇಳಿದವರು ಇನ್ನೊಂದರಲ್ಲಿ ಹಾಗೆ ಹೇಳಲಾಗಲಿಲ್ಲ ಎಂದು ತೋರಿಸಿದರು. ಇಬ್ಬರೂ ಜಗಳವಾಡಲು ಸಾಧ್ಯವಾದದ್ದು ಪ್ರತಿ ಉತ್ತರವೂ ಪೈಪಿನಿಂದ ಎಷ್ಟು ದೂರವಿತ್ತೆಂದು ಅಲ್ಲಿ ಬರೆದಿಟ್ಟಿದ್ದರಿಂದ. ತಪ್ಪಿದವುಗಳನ್ನೂ ಬರೆದಿದ್ದರು.

‘ವಿಜ್ಞಾನ ಇದನ್ನು ಇನ್ನೂ ವಿವರಿಸಿಲ್ಲ’ ಎಂಬ ನಿಮ್ಮ ಮುಕ್ತಾಯದ ಪ್ಯಾರಾ ತೆಗೆದುಬಿಡಿ. ವಿವರಿಸಲು ಮೊದಲು ಏನೋ ಒಂದು ನಡೆಯುತ್ತಿದೆ ಎಂದು ಗೊತ್ತಾಗಬೇಕು. ಕಾಂತಕ್ಷೇತ್ರದ ಪ್ಯಾರಾವನ್ನೂ ಸದ್ಯಕ್ಕೆ ಬದಿಗಿಡಿ. ಕಾಯಿಯನ್ನು ಮಾವ ಬೆರಳ ತುದಿಯಿಂದ ಅಂಗೈ ಮಧ್ಯಕ್ಕೆ ಜಾರಿಸಿಕೊಳ್ಳುವ ರೀತಿಯನ್ನು ನೀವು ಬರೆದ ಆರು ಸಾಲು ಮಾತ್ರ ಹಾಗೆಯೇ ಇರಲಿ. ಅದನ್ನು ನೋಡಿ ಬರೆದಿದ್ದೀರಿ.

ಮತ್ತೆ ಕಳುಹಿಸುವಾಗ ಲೇಖನದ ಜೊತೆ ನೋಟ್‌ಬುಕ್ಕಿನ ಆ ಹಾಳೆಯೂ ಇರಲಿ: ಮೇಲ್ಗಡೆ ಪರೀಕ್ಷೆಗೆ ಮುಂಚೆ ಬರೆದ ಒಪ್ಪಂದ ಮತ್ತು ಮಾವನ ಸಹಿ, ಕೆಳಗೆ ನಾಲ್ಕು ಸುತ್ತಿನ ನಾಲ್ಕು ಅಂಕಿ. ಯಾವ ಅಂಕಿ ಬಂದರೂ ಪ್ರಕಟಿಸುತ್ತೇನೆ.