ಬಸ್ ಸ್ಟ್ಯಾಂಡೂ 68, ಪಾರ್ಕೂ 68: ಈ ವ್ಯತ್ಯಾಸ ದಾಖಲಿಸೋದು ಹೇಗೆ?

ಪ್ರಶ್ನೆ: ಹಾಸನದ ಬಸ್ ಸ್ಟ್ಯಾಂಡಲ್ಲೂ, ಸಂಜೆ ಮಹಾರಾಜ ಪಾರ್ಕಲ್ಲೂ ಮೊಬೈಲ್ ಆಪ್ 68 ಡೆಸಿಬೆಲ್ ತೋರಿಸ್ತು. ಒಂದು ಕಡೆ ತಲೆ ಸಿಡಿಯುತ್ತೆ, ಇನ್ನೊಂದು ಕಡೆ ಹಾಯೆನಿಸುತ್ತೆ. ಸೌಂಡ್‌ಸ್ಕೇಪ್ ಸಂಶೋಧಕರು ಇದನ್ನ ಹೇಗೆ ಬರೆದಿಡ್ತಾರೆ? ಕಾಲೇಜು ಪ್ರಾಜೆಕ್ಟಿಗೆ ಬೇಕು.

ಆಪ್ ಅಳೆದಿದ್ದು ಮೈಕಿಗೆ ಬಡಿದ ಒತ್ತಡವನ್ನು. ಸೌಂಡ್‌ಸ್ಕೇಪ್ ಅಂದರೆ ಅದಲ್ಲ. 2014ರ ಐಎಸ್‌ಒ 12913-1 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಒಂದು ಜಾಗದ ಸದ್ದುಗಳನ್ನು ಅಲ್ಲಿರುವ ಮನುಷ್ಯ ತನ್ನ ಆ ಹೊತ್ತಿನ ಸಂದರ್ಭದಲ್ಲಿ ಹೇಗೆ ಗ್ರಹಿಸುತ್ತಾನೋ ಅದೇ ಸೌಂಡ್‌ಸ್ಕೇಪ್. "ಬೇಲೂರು, ಬೇಲೂರು" ಅಂತ ಕಂಡಕ್ಟರ್ ಕೂಗಿದರೆ ಬೇಲೂರಿಗೆ ಹೊರಟವರಿಗೆ ಅದು ಕಾದು ಕೂತ ಸುದ್ದಿ; ಪಕ್ಕದ ಅಂಗಡಿಯವರಿಗೆ ದಿನವಿಡೀ ತಪ್ಪದ ಕಾಟ. ಕೆನಡಾದ ಸಂಗೀತ ಸಂಯೋಜಕ ಆರ್. ಮರ್ರೆ ಶೇಫರ್ ಮತ್ತು ಸಂಗಡಿಗರು 1970ರ ದಶಕದಲ್ಲೇ ಇಂಥ ಗಮನ ಸೆಳೆಯುವ ಸದ್ದನ್ನು 'ಸಿಗ್ನಲ್' ಎಂದೂ, ಹಿನ್ನೆಲೆಯಲ್ಲಿ ಸದಾ ಇದ್ದು ಗಮನಕ್ಕೇ ಬಾರದ್ದನ್ನು 'ಕೀನೋಟ್' ಎಂದೂ ಬೇರೆ ಮಾಡಿದ್ದರು. ನಿಂತ ಬಸ್ಸುಗಳ ಎಂಜಿನ್ ಗುಡುಗುಡು ಎರಡನೆಯ ಜಾತಿ.

ಆ ಗುಡುಗುಡು ವಿಷಯದಲ್ಲಿ ಮೀಟರೂ ಸ್ವಲ್ಪ ಮೋಸ ಮಾಡುತ್ತದೆ. dBA ಎಂದು ಬರೆದಿದ್ದರೆ ಮಂದ್ರ ಸದ್ದಿಗೆ ಬೆಲೆ ಕಡಿತವಾಗಿದೆ ಎಂದರ್ಥ. 63 ಹರ್ಟ್ಸ್‌ನಲ್ಲಿ ಸುಮಾರು 26 ಡೆಸಿಬೆಲ್ ಕಳೆದೇ ಲೆಕ್ಕ ಹಾಕಿರುತ್ತದೆ. ಎದೆಗೆ ತಾಗುವ ಎಂಜಿನ್ ಅದುರು ನಿಮ್ಮ 68ರಲ್ಲಿ ಬಹುಪಾಲು ಇಲ್ಲವೇ ಇಲ್ಲ. ಕಾಲೇಜಿನ ಲ್ಯಾಬಿನಲ್ಲಿ ಸೌಂಡ್ ಲೆವೆಲ್ ಮೀಟರ್ ಇದ್ದರೆ ಅದೇ ಜಾಗದಲ್ಲಿ, ಮಂದ್ರ ಸದ್ದನ್ನು ಅಷ್ಟಾಗಿ ಕಳೆಯದ dBCಯನ್ನೂ ಬರೆದುಕೊಳ್ಳಿ. ಎರಡರ ಅಂತರ ಬಸ್ ಸ್ಟ್ಯಾಂಡಲ್ಲಿ ದೊಡ್ಡದಾಗಿ, ಪಾರ್ಕಲ್ಲಿ ಚಿಕ್ಕದಾಗಿ ಬಂದರೆ ವ್ಯತ್ಯಾಸದ ಒಂದು ಪಾಲು ಅಲ್ಲೇ ಸಿಕ್ಕಿತು. ಮೊಬೈಲ್ ಮೈಕ್ ಮಾತಿಗೆಂದು ಮಾಡಿದ್ದು, ಮಂದ್ರ ಸದ್ದನ್ನು ಅದರಲ್ಲಿ ನಂಬಬೇಡಿ.

ಉಳಿದ ಪಾಲಿಗೆ ಜನರನ್ನೇ ಕೇಳಬೇಕು. ಕನಿಷ್ಠ 20 ಜನ ಇರಲಿ, ಒಂದು ಸಲಕ್ಕೆ ಐದು ಜನರಿಗಿಂತ ಹೆಚ್ಚು ಕರೆದೊಯ್ಯಬೇಡಿ. ಗುಂಪು ದೊಡ್ಡದಾದರೆ ಅದರ ಪಿಸುಮಾತೇ ಜಾಗದ ಸದ್ದಾಗಿಬಿಡುತ್ತದೆ. ಗೊತ್ತುಮಾಡಿದ ಜಾಗದಲ್ಲಿ ಮೂರು ನಿಮಿಷ ಮಾತಿಲ್ಲದೆ ನಿಂತು ಕೇಳಬೇಕು. ಆಮೇಲೆ ಪ್ರತಿಯೊಬ್ಬರೂ ಎಂಟು ಗುಣಗಳಿಗೆ 1ರಿಂದ 5ರವರೆಗೆ ಅಂಕ ಕೊಡಬೇಕು: 1 ಅಂದರೆ ಖಂಡಿತ ಇಲ್ಲ, 5 ಅಂದರೆ ಖಂಡಿತ ಹೌದು. ಅದೇ ಮೂರು ನಿಮಿಷದ ಮೀಟರ್ ಅಂಕಿಯೂ ಜೊತೆಗಿರಲಿ.

ಎಂಟೂ ಜೋಡಿಯಲ್ಲಿವೆ: ಹಿತ–ಕಿರಿಕಿರಿ, ಶಾಂತ–ಗೊಂದಲ, ಲವಲವಿಕೆ–ಏಕತಾನ, ಚಟುವಟಿಕೆ–ನಿಶ್ಚಲ. ಇವುಗಳಿಂದ ಐಎಸ್‌ಒ 12913-3 ಎರಡು ಅಂಕ ತೆಗೆಯುತ್ತದೆ, ಎರಡೂ −1ರಿಂದ +1ರೊಳಗೆ:

```
ಹಿತದ ಅಂಕ = [(ಹಿತ − ಕಿರಿಕಿರಿ) + 0.707 × (ಶಾಂತ − ಗೊಂದಲ)
            + 0.707 × (ಲವಲವಿಕೆ − ಏಕತಾನ)] ÷ 9.66

ಚಟುವಟಿಕೆಯ ಅಂಕ = [(ಚಟುವಟಿಕೆ − ನಿಶ್ಚಲ) + 0.707 × (ಗೊಂದಲ − ಶಾಂತ)
            + 0.707 × (ಲವಲವಿಕೆ − ಏಕತಾನ)] ÷ 9.66
```

ಲೆಕ್ಕ ತಿಳಿಯಲೆಂದು ಕಾಲ್ಪನಿಕ ಅಂಕ ಹಾಕಿ ನೋಡೋಣ. ಪಾರ್ಕಿಗೆ ಒಬ್ಬರು ಮೇಲಿನ ಕ್ರಮದಲ್ಲೇ 4–2, 2–3, 4–2, 4–2 ಕೊಟ್ಟರು ಅನ್ನಿ. ಹಿತ 0.28, ಚಟುವಟಿಕೆ 0.43. ಬಸ್ ಸ್ಟ್ಯಾಂಡಿಗೆ 2–4, 1–4, 3–2, 4–2 ಕೊಟ್ಟರೆ ಹಿತ −0.35, ಚಟುವಟಿಕೆ 0.50. ಚಟುವಟಿಕೆ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ. ಹಿತ ಮಾತ್ರ ಸೊನ್ನೆಯ ಆಚೆ ಒಂದು, ಈಚೆ ಒಂದು. ಪಾರ್ಕ್ ಇಲ್ಲಿ 'ಶಾಂತ' ಜಾಗವೇನೂ ಅಲ್ಲ, ಮಕ್ಕಳ ಕೇಕೆ, ಗೂಡಿಗೆ ಮರಳಿದ ಗೊರವಂಕಗಳ ಕಚಪಿಚ ಸೇರಿ ಲವಲವಿಕೆಯ ಜಾಗ. ಸದ್ದು ತಗ್ಗಿದರೆ ಮಾತ್ರ ಹಿತ ಎಂದು ಹೊರಟವರು ಎಡವುವುದು ಇಲ್ಲೇ.

ನಿಮ್ಮ ಪ್ರಾಜೆಕ್ಟ್ ಕೆಡುವುದಾದರೆ ಬಹುಶಃ ಪದಗಳಲ್ಲಿ ಕೆಡುತ್ತದೆ. ಮೂಲ ಪಟ್ಟಿ ಇಂಗ್ಲಿಷಿನದು; ಮೇಲಿನ ಕನ್ನಡ ಪದಗಳು ನನ್ನ ಆಯ್ಕೆ. 'ಏಕತಾನ' ಕಷ್ಟವೆಂದು 'ಬೇಸರ' ಹಾಕಿದಿರೋ, ಜನ ಅದನ್ನು ಕಿರಿಕಿರಿಯ ತಮ್ಮನಂತೆ ಓದುತ್ತಾರೆ. 'ಚಟುವಟಿಕೆ' ಬದಲು 'ಗದ್ದಲ' ಇನ್ನೂ ಕಷ್ಟ: ಜಾತ್ರೆಯ ಗದ್ದಲ ಖುಷಿ, ಆಫೀಸಿನ ಗದ್ದಲ ತಲೆನೋವು. ಸೂತ್ರ ನಿಂತಿರುವುದೇ ಹಿತ ಮತ್ತು ಚಟುವಟಿಕೆ ಒಂದಕ್ಕೊಂದು ಅಂಟಿಕೊಂಡಿಲ್ಲ ಎಂಬುದರ ಮೇಲೆ. ಎಲ್ಲರ ಅಂಕ ಬಂದ ಮೇಲೆ 'ಚಟುವಟಿಕೆ'ಗೆ ಹೆಚ್ಚು ಕೊಟ್ಟವರೇ ಎಲ್ಲ ಜಾಗದಲ್ಲೂ 'ಕಿರಿಕಿರಿ'ಗೂ ಹೆಚ್ಚು ಕೊಟ್ಟಿದ್ದಾರಾ ನೋಡಿ. ಹಾಗಿದ್ದರೆ ದೋಷ ಜಾಗದ್ದಲ್ಲ, ನಿಮ್ಮ ಪದದ್ದು. ಐದಾರು ಜನರ ಮೇಲೆ ಮೊದಲೇ ಪ್ರಯೋಗಿಸಿ, "ಈ ಪದ ಅಂದ್ರೆ ಏನು ಅಂದ್ಕೊಂಡ್ರಿ?" ಎಂದು ಕೇಳಿಬಿಡಿ.

ಹಾಳೆಯ ತಲೆಯಲ್ಲಿ ಗಂಟೆ, ವಾರ, ಮಳೆ–ಗಾಳಿ, ಜೊತೆಗೆ ಆ ವ್ಯಕ್ತಿ ಅಲ್ಲಿ ಯಾಕಿದ್ದಾರೆ ಎಂಬುದನ್ನು ಬರೆಸಿ. ಹಿತದ ಅಂಕ ಅಡ್ಡಕ್ಕೆ, ಚಟುವಟಿಕೆಯ ಅಂಕ ಉದ್ದಕ್ಕೆ ಇಟ್ಟು ಒಬ್ಬೊಬ್ಬರಿಗೂ ಗ್ರಾಫಿನಲ್ಲಿ ಒಂದು ಚುಕ್ಕಿ ಹಾಕಿ; ಪ್ರಯಾಣಿಕರ ಚುಕ್ಕಿಗಳನ್ನೂ ಅಂಗಡಿಯವರ ಚುಕ್ಕಿಗಳನ್ನೂ ಬೇರೆ ಬಣ್ಣದಲ್ಲಿಡಿ. ಕೂಡಿಸಿ ಸರಾಸರಿ ತೆಗೆದರೆ ಅದು ಇಬ್ಬರೂ ಇಲ್ಲದ ನಡುಜಾಗದಲ್ಲಿ ಹೋಗಿ ಕೂರುತ್ತದೆ.